‘ಆ ಎರಡು ತೋಟ ಬಿಟ್ಟುಬಿಡು’ ಎಂದು ಗೈಡ್ ಹೇಳಿದಾಗ

ಪಿಎಚ್‌ಡಿಯ ಎರಡನೇ ವರ್ಷ ನನಗೆ ಕೊಳೆರೋಗದ ಪ್ರಯೋಗ ಕೊಟ್ಟಿದ್ದರು. ತೀರ್ಥಹಳ್ಳಿ ಕಡೆಯ ಆರು ಅಡಿಕೆ ತೋಟ. ಪ್ರತಿ ತೋಟದಲ್ಲೂ ಒಂದು ಭಾಗಕ್ಕೆ ಎಲ್ಲರೂ ಹೊಡೆಯುವ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇನ್ನೊಂದು ಭಾಗಕ್ಕೆ ಹೊಸ ಶಿಲೀಂಧ್ರನಾಶಕ. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ. ಗುರುತು ಹಾಕಿದ ಮರಗಳ ಗೊನೆಯಲ್ಲಿ ಕಾಯಿ ಎಷ್ಟಿದೆ ಎಂದು ಮೊದಲೇ ಎಣಿಸಿಟ್ಟುಕೊಂಡು, ಆಮೇಲೆ ಮಳೆಗಾಲ ಪೂರ್ತಿ ವಾರಕ್ಕೊಂದು ಸಲ ಹೋಗಿ ಬುಡದಲ್ಲಿ ಬಿದ್ದ ಕಾಯಿ ಹೆಕ್ಕಿ ಎಣಿಸಬೇಕು. ಬಿದ್ದದ್ದೆಲ್ಲ ಕೊಳೆ ಅಲ್ಲ. ಕಾಯಿ ಕಡು ಹಸಿರಾಗಿ ನೀರು ಕುಡಿದ ಹಾಗಾಗಿ, ಮೇಲೆ ಬಿಳಿ ಬೂಷ್ಟು ಹತ್ತಿದ್ದರೆ ಮಾತ್ರ ಕೊಳೆ ಎಂದು ಬರೆಯಬೇಕು. ಉಂಬಳ ಹತ್ತಿಸಿಕೊಂಡು ಮಾಡುವ ಕೆಲಸ ಇದು.

ಎಲ್ಲ ಮುಗಿದ ಮೇಲೆ ಟೇಬಲ್ ಮಾಡಿ ಗೈಡ್ ಮುಂದೆ ಇಟ್ಟೆ. ಅವರು ಒಂದು ನಿಮಿಷ ನೋಡಿದರು. ಪೆನ್ನು ತೆಗೆದು ಕೊನೆಯ ಎರಡು ಸಾಲಿನ ಮೇಲೆ ಗೀಟು ಎಳೆದರು. ‘ಇವೆರಡು ಔಟ್‌ಲೈಯರ್. ಬಿಟ್ಟುಬಿಡು. ನಾಲ್ಕು ತೋಟದ ಮೇಲೆ ಪೇಪರ್ ಬರಿ’ ಎಂದರು.

ಆ ಟೇಬಲ್ ಹೀಗಿತ್ತು. ಲೆಕ್ಕ ಸುಲಭವಾಗಲಿ ಎಂದು ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಕೊಳೆಯಿಂದ ಉದುರಿದ ಕಾಯಿ, ಶೇಕಡಾ ಲೆಕ್ಕದಲ್ಲಿ:

| ತೋಟ | ಬೋರ್ಡೋ | ಹೊಸ ಔಷಧಿ |
|---|---|---|
| 1 | 8 | 4 |
| 2 | 10 | 6 |
| 3 | 7 | 4 |
| 4 | 9 | 5 |
| 5 | 8 | 17 |
| 6 | 12 | 18 |
| ಸರಾಸರಿ | 9 | 9 |

ಆರೂ ತೋಟ ಇಟ್ಟುಕೊಂಡರೆ ಎರಡೂ ಔಷಧಿ ಒಂದೇ, 9 ಮತ್ತು 9. ಐದು, ಆರನ್ನು ತೆಗೆದರೆ ಬೋರ್ಡೋ 8.5, ಹೊಸದು 4.75. ಕೊಳೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು ಎಂದು ಬರೆಯಬಹುದು. ಜೋಡಿ ಟಿ-ಟೆಸ್ಟ್ ಮಾಡಿದರೆ ಟಿ ಬೆಲೆ 15, ಪಿ ಬೆಲೆ 0.001ಕ್ಕಿಂತ ಕಡಿಮೆ. ಯಾವ ಪತ್ರಿಕೆಯಾದರೂ ತೆಗೆದುಕೊಳ್ಳುತ್ತದೆ. ಎರಡು ಗೀಟಿನಿಂದ ಇಷ್ಟೆಲ್ಲ ಆಯಿತು ನೋಡಿ.

ಇಂಥ ಜಾಗದಲ್ಲಿ ನೀವು ಈಗ ಕೂತಿದ್ದರೆ, ಯಾವುದರ ನಂತರ ಯಾವುದು ಮಾಡಬೇಕು ಎಂದು ಬರೆಯುತ್ತಿದ್ದೇನೆ. ನಾನು ಮಾಡಿದ್ದು ಮತ್ತು ಮಾಡಬೇಕಿತ್ತು ಎಂದು ಆಮೇಲೆ ಅನ್ನಿಸಿದ್ದು, ಎರಡೂ ಇದರಲ್ಲಿದೆ.

ಮೊದಲು: ಆ ಕೋಣೆಯಲ್ಲಿ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ

‘ಸರ್, ಫೀಲ್ಡ್ ಬುಕ್ ಇನ್ನೊಂದು ಸಲ ನೋಡಿ ಬರ್ತೀನಿ’ ಎಂದು ಎದ್ದು ಬನ್ನಿ. ಅಷ್ಟು ಸಾಕು. ಅಲ್ಲೇ ಜಗಳಕ್ಕೆ ನಿಂತರೆ ಗೈಡ್‌ಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ, ಹೂಂ ಎಂದುಬಿಟ್ಟರೆ ನಿಮಗೆ ಇರುವುದಿಲ್ಲ. ಅವರು ಹೇಳಿದ್ದರಲ್ಲಿ ಏನಾದರೂ ಹುರುಳಿದೆಯೋ ಎಂದು ಇನ್ನೂ ನಿಮಗೂ ಗೊತ್ತಿಲ್ಲ ಅಲ್ವಾ?

ಅದೇ ಸಂಜೆ ಎರಡು ಕೆಲಸ ಮುಗಿಸಿ. ಒಂದು, ಏನು ಮಾತಾಯಿತು ಎಂದು ತಾರೀಖು ಹಾಕಿ ನಿಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ, ನಿಮ್ಮ ಸಿಟ್ಟು ಅದರಲ್ಲಿ ಬೇಡ. ಎರಡು, ಮೂಲ ದಾಖಲೆ ಭದ್ರ ಮಾಡಿ. ಫೀಲ್ಡ್ ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆಯಿರಿ, ಕಲೆ ಬಿದ್ದ ಪುಟ, ಮಳೆಗೆ ಅಂಟಿಕೊಂಡ ಪುಟ ಕೂಡ. ಕಂಪ್ಯೂಟರಿನಲ್ಲಿರುವ ಫೈಲಿನ ಒಂದು ಪ್ರತಿಯನ್ನು ಯಾರೂ ಮುಟ್ಟದ ಹಾಗೆ ಬೇರೆ ಇಡಿ. ಅದರ ಹ್ಯಾಶ್ ಕೂಡ ತೆಗೆದಿಟ್ಟರೆ ಒಳ್ಳೆಯದು. ಫೈಲಿನಲ್ಲಿ ಒಂದೇ ಒಂದು ಅಂಕಿ ಬದಲಾದರೂ ಹ್ಯಾಶ್ ಬೇರೆ ಬರುತ್ತದೆ. ವಿಂಡೋಸ್‌ನಲ್ಲಿ:

```
certutil -hashfile kole.csv SHA256
```

ಬರುವ ಉದ್ದ ಸಾಲನ್ನು ನಿಮ್ಮ ಸಂಸ್ಥೆಯ ಮೇಲ್‌ನಿಂದ ನಿಮಗೇ ಕಳಿಸಿಕೊಳ್ಳಿ. ಆ ದಿನ ಫೈಲು ಹೀಗೇ ಇತ್ತು ಎನ್ನುವುದಕ್ಕೆ ಆ ಮೇಲ್‌ನ ತಾರೀಖೇ ಸಾಕ್ಷಿ. ಒಂದು ಎಚ್ಚರ. ಮೂಲ ಫೀಲ್ಡ್ ಬುಕ್ ಸಾಮಾನ್ಯವಾಗಿ ವಿಭಾಗಕ್ಕೆ ಸೇರಿದ್ದು, ಅದನ್ನು ಮನೆಗೆ ಒಯ್ಯಬೇಡಿ. ಡೇಟಾ ಹೊರಗೆ ಕೊಡಬಾರದು ಎಂಬ ಒಪ್ಪಂದ ಇದ್ದರೆ ಪ್ರತಿಯನ್ನೂ ಸಂಸ್ಥೆಯ ಜಾಗದಲ್ಲೇ ಇಡಿ. ನಾಳೆ ಡೇಟಾ ಕದ್ದ ಎಂಬ ಮಾತು ಬಂದರೆ ಮುಖ್ಯ ವಿಷಯ ಮೂಲೆಗೆ ಬೀಳುತ್ತದೆ.

ಗೈಡ್ ಹೇಳಿದ್ದು ಸರಿ ಇರಬಹುದಾ? ನಿಜವಾಗಿ ಹುಡುಕಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಡೇಟಾ ಬಿಡುವುದೆಲ್ಲ ಮೋಸ ಅಲ್ಲ. ನಮ್ಮ ಮೂರನೇ ತೋಟದಲ್ಲಿ ಒಂದು ವಾರ ಮಂಗಗಳ ಹಿಂಡು ನುಗ್ಗಿ ಎರಡು ಮರದ ಎಳೆಗಾಯಿ ಕಿತ್ತು ಬಿಸಾಕಿದ್ದವು. ಅವತ್ತೇ ಪುಸ್ತಕದಲ್ಲಿ ‘ಮರ 4, ಮರ 7, ಮಂಗ’ ಎಂದು ಬರೆದು ಆ ಎರಡು ಮರ ಬಿಟ್ಟೆವು. ಪೇಪರಿನಲ್ಲೂ ಒಂದು ಸಾಲಿನಲ್ಲಿ ಅದನ್ನು ಹೇಳಿದೆವು. ಅದರಲ್ಲಿ ತಪ್ಪಿಲ್ಲ. ಯಾಕೆ ತಪ್ಪಿಲ್ಲ? ಕಾರಣ ಆ ದಿನವೇ ಬರೆದಿತ್ತು. ಯಾವ ಔಷಧಿ ಗೆಲ್ಲುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬೋರ್ಡೋ ಮರಕ್ಕೆ ಮಂಗ ನುಗ್ಗಿದ್ದರೂ ಅದೇ ಮಾಡುತ್ತಿದ್ದೆವು. ಓದುವವರಿಗೂ ತಿಳಿಸಿದ್ದೇವೆ.

ಈ ನಾಲ್ಕು ಕಾರಣಗಳನ್ನೂ ಗೈಡ್ ಗೀಟು ಎಳೆದ ಸಾಲುಗಳಿಗೆ ಹಚ್ಚಿ ನೋಡಿ. ‘ಔಟ್‌ಲೈಯರ್’ ಎಂದದ್ದಕ್ಕೆ ನಾನು ಮೊದಲು, ಒಂದು ಸಂಖ್ಯೆ ಉಳಿದವುಗಳಿಂದ ತೀರಾ ದೂರ ಬಿದ್ದಿದೆಯೇ ಎಂದು ನೋಡುವ ಗ್ರಬ್ಸ್ ಟೆಸ್ಟ್ ಮಾಡಿದೆ. ಹೊಸ ಔಷಧಿಯ ಆರು ಸಂಖ್ಯೆಯಲ್ಲಿ 18ಕ್ಕೆ 1.36 ಬಂತು. ಆರು ಸಂಖ್ಯೆಗೆ ಮಿತಿ ಸುಮಾರು 1.89. ಅಂದರೆ ಟೆಸ್ಟ್ ಅದನ್ನು ಔಟ್‌ಲೈಯರ್ ಎನ್ನುತ್ತಿಲ್ಲ. ಆದರೆ ಈ ಟೆಸ್ಟನ್ನೇ ನಂಬಿ ಕೂರಬೇಡಿ. ಆರರಲ್ಲಿ ಎರಡು ದೊಡ್ಡ ಸಂಖ್ಯೆ ಇದ್ದರೆ ಒಂದರ ಹಿಂದೆ ಇನ್ನೊಂದು ಬಚ್ಚಿಟ್ಟುಕೊಳ್ಳುತ್ತದೆ, ಟೆಸ್ಟ್‌ಗೆ ಕಾಣುವುದಿಲ್ಲ. ಅದಕ್ಕಿಂತ ಮುಖ್ಯ, ಟೆಸ್ಟ್ ಮಾಡುವ ಕೆಲಸ ‘ಇಲ್ಲಿ ಒಂದು ಸಲ ನೋಡು’ ಎಂದು ತೋರಿಸುವುದಷ್ಟೇ. ತೆಗೆದುಹಾಕು ಎಂದು ಅದು ಯಾವತ್ತೂ ಹೇಳುವುದಿಲ್ಲ. ಆರರಲ್ಲಿ ಎರಡು ತೋಟ ಅಂದರೆ ಮೂರರಲ್ಲಿ ಒಂದು. ಮೂರಕ್ಕೆ ಒಂದರಂತೆ ಬರುವುದನ್ನು ಅಪರೂಪ ಎನ್ನುವುದು ಹೇಗೆ?

ಎರಡನೇ ಸಲ ಹೋದಾಗ ಗೈಡ್ ಬೇರೆ ಕಾರಣ ಕೊಟ್ಟರು. ‘ಐದನೇ ತೋಟದಲ್ಲಿ ಔಷಧಿ ಹೊಡೆದ ಎರಡು ಗಂಟೆಗೇ ಮಳೆ ಬಂದಿತ್ತಲ್ವಾ, ತೊಳೆದು ಹೋಗಿದೆ.’ ಇದು ತಳ್ಳಿಹಾಕುವ ಮಾತಲ್ಲ. ಗೊನೆಯ ಮೇಲೆ ಔಷಧಿ ಒಣಗದೆ ಮಳೆ ಹೊಡೆದರೆ ಕೆಲಸ ಕೆಡುತ್ತದೆ ಎಂದು ಯಾವ ಕೊನೆಗಾರನನ್ನು ಕೇಳಿದರೂ ಹೇಳುತ್ತಾನೆ. ಪುಸ್ತಕ ತೆಗೆದು ನೋಡಿದೆ. ಹೌದು, ಐದರಲ್ಲಿ ಮಳೆ ಬಂದಿತ್ತು. ಆದರೆ ಎರಡನೇ ತೋಟದಲ್ಲೂ ಹಾಗೇ ಬಂದಿತ್ತು. ಆರರಲ್ಲಿ ಬಂದೇ ಇರಲಿಲ್ಲ, ಅವತ್ತು ಸಂಜೆವರೆಗೂ ಬಿಸಿಲು.

ಇಲ್ಲಿ ನೀವು ಮಾಡಬೇಕಾದದ್ದು: ಅವರ ಕಾರಣವನ್ನು ಒಪ್ಪಿ, ಅದನ್ನು ಎಲ್ಲ ತೋಟಕ್ಕೂ ಒಂದೇ ಥರ ಹಾಕಿ. ಮಳೆ ಬಂದ ತೋಟ ಬಿಡುವುದಾದರೆ 2 ಮತ್ತು 5 ಹೋಗಬೇಕು, 6 ಉಳಿಯಬೇಕು. ಉಳಿದದ್ದು 1, 3, 4, 6. ಬೋರ್ಡೋ ಸರಾಸರಿ 9, ಹೊಸದು 7.75. ಟಿ ಬೆಲೆ 0.5ರ ಆಸುಪಾಸು. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮಳೆ ಎಂಬ ಕಾರಣ ನಿಜವೇ ಆದರೂ ಅದು ಗೈಡ್‌ಗೆ ಬೇಕಾದ ಉತ್ತರ ಕೊಡುವುದಿಲ್ಲ. ಐದನ್ನು ಮಳೆಗೆ, ಆರನ್ನು ಇನ್ನೇನಕ್ಕೋ ಬಿಟ್ಟು, ಎರಡನೇ ತೋಟವನ್ನು ಇಟ್ಟುಕೊಂಡರೆ ಮಾತ್ರ ಆ 4.75 ಬರುತ್ತದೆ.

ಒಂದೊಂದು ಸಾಲಿಗೆ ಒಂದೊಂದು ಕಾರಣ ಹುಟ್ಟುತ್ತಿದೆ ಎಂದಾದರೆ ಅದೇ ಗುರುತು. ಇನ್ನೊಂದು ಗುರುತು ಇದೆ. ‘ಇದೇ ಎರಡು ತೋಟದಲ್ಲಿ ಹೊಸ ಔಷಧಿ 1, 2 ಬಂದಿದ್ದರೆ ಬಿಡುತ್ತಿದ್ದೆವಾ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಿಡುತ್ತಿರಲಿಲ್ಲ ಎಂದಾದರೆ, ನೀವು ಕಾರಣ ನೋಡಿ ಬಿಡುತ್ತಿಲ್ಲ, ಉತ್ತರ ನೋಡಿ ಬಿಡುತ್ತಿದ್ದೀರಿ.

ಕೆಲವರು ‘ಮಿಸ್ಸಿಂಗ್ ಪ್ಲಾಟ್ ಎಂದು ಲೆಕ್ಕ ಹಾಕು, ಫಾರ್ಮುಲಾ ಇದೆಯಲ್ಲ’ ಎನ್ನುತ್ತಾರೆ. ಆ ಫಾರ್ಮುಲಾ ಇರುವುದು ಸಂಖ್ಯೆ ನಿಜವಾಗಿ ಕಳೆದುಹೋದಾಗ. ಮರ ಬಿದ್ದುಹೋಗಿದೆ, ಮಾಲೀಕರು ಲೆಕ್ಕಕ್ಕೆ ಮುಂಚೆಯೇ ಗೊನೆ ಇಳಿಸಿಬಿಟ್ಟಿದ್ದಾರೆ, ಅಂಥ ಕಡೆ. ಕೈಯಲ್ಲಿರುವ 18ನ್ನು ಕಳೆದುಹೋಗಿದೆ ಎಂದು ಬರೆದರೆ ಅದು ಸುಳ್ಳು ದಾಖಲೆ.

ಬೇಡವಾದ ಡೇಟಾ ಬಿಟ್ಟು, ನಿಜವಾಗಿ ಆದದ್ದು ಕಾಣದ ಹಾಗೆ ಮಾಡುವುದಕ್ಕೆ ಫಾಲ್ಸಿಫಿಕೇಶನ್ ಎನ್ನುತ್ತಾರೆ. ಸಂಖ್ಯೆ ತಿದ್ದುವುದು ಮಾತ್ರ ಅಲ್ಲ, ಬಿಡುವುದೂ ಅದರಲ್ಲೇ ಬರುತ್ತದೆ. ಅಮೆರಿಕದ ಸರ್ಕಾರಿ ನಿಯಮದಲ್ಲೂ ಈ ಮಾತು ಹೀಗೇ ಇದೆ. ನಮ್ಮಲ್ಲಿ ಯುಜಿಸಿ 2019ರಲ್ಲಿ ಪಿಎಚ್‌ಡಿಗೆ ಕಡ್ಡಾಯ ಮಾಡಿದ 2 ಕ್ರೆಡಿಟ್‌ನ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಕೋರ್ಸಿನಲ್ಲೂ ಬೇಕಾದದ್ದನ್ನಷ್ಟೇ ಆರಿಸಿ ವರದಿ ಮಾಡುವುದು ಒಂದು ಪಾಠವಾಗಿಯೇ ಇದೆ. ಇದನ್ನು ಗೈಡ್ ಮುಂದೆ ಓದಿ ಹೇಳಲು ಹೋಗಬೇಡಿ. ನಿಮಗೆ ಗೊತ್ತಿರಲಿ ಸಾಕು.

ಒಂದು ಹಾಳೆ ತಯಾರು ಮಾಡಿ

ಬರಿಗೈಯಲ್ಲಿ ಹೋದರೆ ಮಾತು ಮರ್ಯಾದೆಯ ವಿಷಯವಾಗಿಬಿಡುತ್ತದೆ. ಹಾಳೆ ಇದ್ದರೆ ಇಬ್ಬರೂ ಹಾಳೆ ನೋಡುತ್ತೀರಿ. ಅದರಲ್ಲಿ ಮೂರೇ ಲೆಕ್ಕ ಇರಲಿ. ಆರು ತೋಟದ್ದು, ಮಳೆ ಬಂದವನ್ನು ಬಿಟ್ಟದ್ದು, ಗೈಡ್ ಹೇಳಿದ ಎರಡನ್ನು ಬಿಟ್ಟದ್ದು. ಕೆಳಗೆ ಪ್ರತಿ ತೋಟಕ್ಕೂ ಪುಸ್ತಕದಲ್ಲಿ ಬರೆದಿದ್ದ ಟಿಪ್ಪಣಿ.

ಆ ಟಿಪ್ಪಣಿ ಜೋಡಿಸುವಾಗಲೇ ನನಗೆ ಬೇರೆಯದೇ ಒಂದು ಕಂಡಿತು. ಒಂದರಿಂದ ನಾಲ್ಕರವರೆಗಿನ ತೋಟ ಇಳಿಜಾರಿನಲ್ಲಿವೆ. ಬಿಸಿಲು ಬಂದರೆ ಬೇಗ ಒಣಗುತ್ತವೆ. ಐದು ಮತ್ತು ಆರು ಹಳ್ಳದ ಬದಿಯವು. ಬಸಿಗಾಲುವೆ ತುಂಬಿ ನಿಂತಿರುತ್ತದೆ, ಹತ್ತು ಗಂಟೆಯಾದರೂ ಮಂಜು ಬಿಡುವುದಿಲ್ಲ, ಗೊನೆ ಮುಟ್ಟಿದರೆ ಕೈ ಒದ್ದೆ. ಆರನೇ ತೋಟದಲ್ಲಿ ಬೋರ್ಡೋ ಹೊಡೆದ ಭಾಗದಲ್ಲೇ 12 ಬಂದಿದೆ ನೋಡಿ, ಆರೂ ತೋಟದ ಬೋರ್ಡೋ ಲೆಕ್ಕದಲ್ಲಿ ಅದೇ ಹೆಚ್ಚು. ಅಂದರೆ ಗೀಟು ಎಳೆದ ಆ ಎರಡು ಸಾಲು ಬರೀ ಅಡ್ಡಿಯಲ್ಲ. ಒದ್ದೆ ಜಾಗದಲ್ಲಿ ಈ ಔಷಧಿ ನಿಲ್ಲುವುದಿಲ್ಲವೇನೋ ಎಂಬ ಪ್ರಶ್ನೆ ಅಲ್ಲಿದೆ. ಮಲೆನಾಡಿನಲ್ಲಿ ಕೊಳೆ ಜಾಸ್ತಿ ಬರುವುದೇ ಅಂಥ ತೋಟಗಳಿಗೆ. ಆ ಸಾಲು ಅಳಿಸಿದರೆ ಆ ತೋಟದವರೇ ನಮ್ಮ ಪೇಪರ್ ನಂಬಿ ಬೋರ್ಡೋ ಬಿಟ್ಟು ಫಸಲು ಕಳೆದುಕೊಳ್ಳುತ್ತಾರೆ.

ಇಲ್ಲಿ ನಿಮಗೂ ಒಂದು ಆಸೆ ಬರುತ್ತದೆ, ನನಗೆ ಬಂದಿತ್ತು. ‘ಇಳಿಜಾರಿಗೆ ಹೊಸದು, ಹಳ್ಳದ ಬದಿಗೆ ಬೋರ್ಡೋ’ ಎಂದು ದೊಡ್ಡ ತೀರ್ಮಾನ ಬರೆದುಬಿಡೋಣ ಎಂದು. ಬೇಡ. ಎರಡೇ ತೋಟ, ಒಂದೇ ಮಳೆಗಾಲ, ಅದೂ ಉತ್ತರ ನೋಡಿದ ಮೇಲೆ ಹೊಳೆದದ್ದು. ‘ಡೇಟಾ ನೋಡಿದ ನಂತರ ಗಮನಿಸಿದ್ದು, ಮುಂದಿನ ವರ್ಷ ಬೇರೆ ಪ್ರಯೋಗ ಮಾಡಿ ನೋಡಬೇಕು’ ಎಂದು ಸ್ಪಷ್ಟವಾಗಿ ಬರೆಯಬೇಕು. ಗೈಡ್‌ಗೆ ಹಾಕುವ ನಿಯಮ ನಮಗೂ ಹಾಕಿಕೊಳ್ಳಬೇಕಲ್ಲ.

ಮಾತಾಡುವುದು ಹೇಗೆ

ಬೆಳಿಗ್ಗೆ ಹೋಗಿ, ಒಬ್ಬರೇ ಇದ್ದಾಗ ಹೋಗಿ. ಬೇರೆ ವಿದ್ಯಾರ್ಥಿಗಳ ಎದುರು ಈ ಮಾತು ಎತ್ತಬೇಡಿ. ಮೋಸ, ತಪ್ಪು ಎಂಬ ಪದ ಬೇಡವೇ ಬೇಡ. ನಾನು ಹೇಳಿದ್ದು ಹೆಚ್ಚುಕಡಿಮೆ ಹೀಗೆ:

‘ಸರ್, ನೀವು ಹೇಳಿದ ಮೇಲೆ ಪುಸ್ತಕ ಪೂರ್ತಿ ನೋಡಿದೆ. ಮಳೆ ಬಂದದ್ದು ಎರಡು ಮತ್ತು ಐದರಲ್ಲಿ, ಆರರಲ್ಲಿ ಇಲ್ಲ. ಐದು, ಆರು ಬಿಟ್ಟರೆ ರಿವ್ಯೂವರ್ ಕಾರಣ ಕೇಳ್ತಾರೆ, ನನ್ನ ಹತ್ರ ಬರೆಯೋಕೆ ಕಾರಣ ಇಲ್ಲ ಸರ್. ಆರೂ ತೋಟದ ಟೇಬಲ್ ಮುಖ್ಯವಾಗಿ ಹಾಕಿ, ನಾಲ್ಕು ತೋಟದ್ದು ಕೆಳಗೆ ಬೇರೆ ತೋರಿಸೋಣವಾ?’

ಈ ಮಾತಿನಲ್ಲಿ ಅವರಿಗೆ ಒಪ್ಪಲು ಒಂದು ದಾರಿ ಇದೆ. ನಾಲ್ಕು ತೋಟದ ಲೆಕ್ಕ ಎಲ್ಲಿಗೂ ಹೋಗುತ್ತಿಲ್ಲ, ಅದೂ ಇರುತ್ತದೆ. ಏನನ್ನು ಬಿಟ್ಟಿದ್ದೇವೆ, ಯಾಕೆ ಬಿಟ್ಟಿದ್ದೇವೆ, ಬಿಡದಿದ್ದರೆ ಎಷ್ಟು ಬರುತ್ತದೆ, ಈ ಮೂರೂ ಓದುವವರಿಗೆ ಕಾಣುತ್ತದೆ. ಪೇಪರಿಗೆ ಹಾಕುವ ಸಾಲನ್ನೂ ಬರೆದುಕೊಂಡೇ ಹೋಗಿ: ‘ಆರೂ ತೋಟಗಳ ಸರಾಸರಿಯಲ್ಲಿ ಎರಡು ಔಷಧಿಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಳ್ಳದ ಬದಿಯ ಎರಡು ತೋಟಗಳನ್ನು ಬಿಟ್ಟು ನೋಡಿದಾಗ ಹೊಸ ಔಷಧಿಯಲ್ಲಿ ಉದುರುವಿಕೆ ಕಡಿಮೆ ಇತ್ತು. ಇದು ಡೇಟಾ ನೋಡಿದ ನಂತರ ಮಾಡಿದ ಲೆಕ್ಕ.’

ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಕೇಳಿಸಿಕೊಳ್ಳಿ. ನಮ್ಮ ಗೈಡ್‌ಗೆ ಪ್ರಾಜೆಕ್ಟ್ ವರದಿ ಕೊಡುವ ದಿನ ಹತ್ತಿರ ಬಂದಿತ್ತು, ‘ವ್ಯತ್ಯಾಸ ಇಲ್ಲ’ ಎಂದು ವರದಿ ಕೊಟ್ಟರೆ ಮುಂದಿನ ಕಂತು ಬರುವುದೋ ಇಲ್ಲವೋ ಎಂಬ ಭಯ. ಅದು ಗೊತ್ತಾದ ಮೇಲೆ ಮಾತು ಸ್ವಲ್ಪ ಸಲೀಸಾಯಿತು. ಹಳ್ಳದ ಬದಿ ತೋಟಗಳ ಮೇಲೆ ಮುಂದಿನ ವರ್ಷದ ಪ್ರಯೋಗ ಎಂದು ಬರೆದರೆ ಅದೇ ಮುಂದಿನ ಕಂತು ಕೇಳಲು ಕಾರಣವಾಗುತ್ತದೆ ಎಂದು ಹೇಳಲು ಬಂತು.

ಮಾತು ಮುಗಿದ ದಿನವೇ ಒಂದು ಚಿಕ್ಕ ಮೇಲ್ ಹಾಕಿ. ‘ಸರ್, ಇವತ್ತು ಮಾತಾಡಿದ ಹಾಗೆ ಆರು ತೋಟದ ಟೇಬಲ್ ಮತ್ತು ನಾಲ್ಕು ತೋಟದ ಟೇಬಲ್ ಎರಡನ್ನೂ ಲಗತ್ತಿಸಿದ್ದೇನೆ. ನೋಡಿ ತಿಳಿಸಿ.’ ಅಷ್ಟೇ. ಬಾಯಿಮಾತಿನಲ್ಲಿ ಡೇಟಾ ಬಿಡು ಎನ್ನುವವರು ಅದನ್ನೇ ಮೇಲ್‌ನಲ್ಲಿ ಬರೆಯಲು ಹಿಂದೆಮುಂದೆ ನೋಡುತ್ತಾರೆ. ಎಷ್ಟೋ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಆದರೂ ಒಪ್ಪದಿದ್ದರೆ

ನೇರ ದೂರಿಗೆ ಹೋಗಬೇಡಿ. ಮೊದಲು ನಿಮ್ಮ ಸಲಹಾ ಸಮಿತಿಯಲ್ಲಿರುವ ಸಂಖ್ಯಾಶಾಸ್ತ್ರದ ಮೇಷ್ಟ್ರ ಹತ್ತಿರ ಹೋಗಿ. ಗೈಡ್ ಬಗ್ಗೆ ಒಂದು ಮಾತೂ ಆಡದೆ, ‘ಸರ್, ಈ ಎರಡು ತೋಟ ಬಿಡಬಹುದಾ’ ಎಂದು ಲೆಕ್ಕದ ಪ್ರಶ್ನೆಯಾಗಿ ಕೇಳಿ. ನನ್ನ ವಿಷಯದಲ್ಲಿ ಕೆಲಸ ಆದದ್ದು ಇಲ್ಲೇ. ಅವರು ಟೇಬಲ್ ನೋಡಿ, ‘ನಾಲ್ಕೇ ತೋಟ ಇಟ್ಟರೆ ವ್ಯತ್ಯಾಸ 4, 4, 3, 4. ಮಲೆನಾಡಿನ ಮಳೆಗಾಲದಲ್ಲಿ ಇಷ್ಟು ನೀಟಾಗಿ ಯಾವ ತೋಟ ಬರುತ್ತಪ್ಪ? ನೋಡಿದವರಿಗೇ ಅನುಮಾನ ಬರುತ್ತೆ’ ಎಂದರು. ಸಮಿತಿಯ ಸಭೆಯಲ್ಲಿ ಅವರೇ ಆ ಮಾತು ಎತ್ತಿದರು. ಸಮನಾದವರು ಹೇಳಿದ್ದನ್ನು ಗೈಡ್ ಕೇಳಿಸಿಕೊಂಡರು.

ಅದೂ ಆಗದಿದ್ದರೆ ವಿಭಾಗದ ಮುಖ್ಯಸ್ಥರು, ಆಮೇಲೆ ಸಂಶೋಧನಾ ವಿಭಾಗದ ಡೀನ್. ಇಲ್ಲಿ ಒಂದು ತೊಡಕು ಗೊತ್ತಿರಲಿ. ಯುಜಿಸಿಯ 2018ರ ನಿಯಮದಂತೆ ವಿಭಾಗದ ಮಟ್ಟದಲ್ಲಿ, ಸಂಸ್ಥೆಯ ಮಟ್ಟದಲ್ಲಿ ಅಕಡೆಮಿಕ್ ಇಂಟಿಗ್ರಿಟಿ ಪ್ಯಾನೆಲ್ ಇರಬೇಕು. ಆದರೆ ಆ ನಿಯಮ ಬರೆದಿರುವುದು ಮುಖ್ಯವಾಗಿ ಕೃತಿಚೌರ್ಯಕ್ಕೆ. ಡೇಟಾ ಬಿಟ್ಟ ದೂರು ಕೊಟ್ಟರೆ ‘ಇದು ನಮಗೆ ಬರುವುದಿಲ್ಲ’ ಎನ್ನಬಹುದು. ಹಾಗಾಗಿ ಮೊದಲೇ ನಿಮ್ಮ ಸಂಸ್ಥೆಯ ಪಿಎಚ್‌ಡಿ ನಿಯಮಾವಳಿ ತೆಗೆದು, ಸಂಶೋಧನೆಯ ದುರ್ನಡತೆಯ ದೂರು ಯಾರಿಗೆ, ಗೈಡ್ ಬದಲಾವಣೆಗೆ ಅರ್ಜಿ ಯಾರಿಗೆ ಎಂದು ಓದಿಟ್ಟುಕೊಳ್ಳಿ. ದೂರು ಕೊಡುವುದೇ ಆದರೆ ಅದರಲ್ಲಿ ಇರಬೇಕಾದದ್ದು ಆ ಒಂದು ಹಾಳೆ, ಪುಸ್ತಕದ ಫೋಟೊ, ಮೇಲ್‌ಗಳು. ಗೈಡ್‌ನ ಸ್ವಭಾವದ ಬಗ್ಗೆ ಏನೂ ಬೇಡ.

ಇದರ ಬೆಲೆಯನ್ನು ಮುಚ್ಚಿಡುವುದಿಲ್ಲ. ಫೆಲೋಶಿಪ್ ಬಿಲ್ಲಿಗೆ ಗೈಡ್ ಸಹಿ ಬೇಕು, ಪ್ರಗತಿ ವರದಿಗೆ ಬೇಕು, ನಾಳೆ ಕೆಲಸಕ್ಕೆ ಶಿಫಾರಸು ಪತ್ರವೂ ಬೇಕು. ಮನೆಯಲ್ಲಿ ಆ ಫೆಲೋಶಿಪ್ ನಂಬಿ ಕೂತವರು ಇರಬಹುದು. ಡೀನ್‌ವರೆಗೆ ಹೋಗುವ ಮುಂಚೆ ಬಾಕಿ ಸಹಿಗಳು ಏನೇನಿವೆ ಎಂದು ಪಟ್ಟಿ ಮಾಡಿ, ಆಗುವಷ್ಟು ಮುಗಿಸಿಕೊಳ್ಳಿ. ಗೈಡ್‌ಗೆ ಹತ್ತಿರ ಇರುವ ಒಬ್ಬ ಸೀನಿಯರ್ ಜೊತೆ ಮೊದಲು ಮಾತಾಡಿ. ಹೆಚ್ಚಿನ ಹೆಜ್ಜೆ ಇಡಲು ಈಗ ಆಗುವುದಿಲ್ಲ ಎಂದಾದರೂ ಒಂದು ನಿಮ್ಮ ಕೈಯಲ್ಲೇ ಇದೆ: ಆ ಪೇಪರಿನಲ್ಲಿ ನಿಮ್ಮ ಹೆಸರು. ಸಬ್ಮಿಟ್ ಆಗುವ ಮುಂಚೆ ‘ಈ ರೂಪದಲ್ಲಿ ನನ್ನ ಹೆಸರು ಬೇಡ ಸರ್, ಪ್ರಬಂಧದಲ್ಲಿ ಆರೂ ತೋಟ ಹಾಕುತ್ತೇನೆ’ ಎಂದು ಮೇಲ್‌ನಲ್ಲಿ ಬರೆಯಿರಿ. ಹೆಸರು ಇದ್ದರೆ ಆ ಪೇಪರಿನ ಪ್ರತಿ ಸಂಖ್ಯೆಗೂ ನೀವು ಜವಾಬ್ದಾರರು. ಪತ್ರಿಕೆಯವರು ಕೆಲವು ಸಲ ಎಲ್ಲ ಲೇಖಕರಿಗೂ ಖಚಿತಪಡಿಸಿ ಎಂದು ಮೇಲ್ ಕಳಿಸುತ್ತಾರೆ. ಅದನ್ನು ಓದದೆ ಒತ್ತಬೇಡಿ.

ಸುಮ್ನೆ ಹೆಸರು ತೆಗೆದರೆ ಆ ನಾಲ್ಕು ತೋಟದ ಪೇಪರ್ ಹೊರಗೆ ಬರುವುದು ನಿಲ್ಲುವುದಿಲ್ಲ, ಅದೂ ನಿಜ. ಆದರೆ ನಿಮ್ಮ ಪ್ರಬಂಧದಲ್ಲಿ ಆರು ತೋಟ, ಪೇಪರಿನಲ್ಲಿ ನಾಲ್ಕು ಎಂದಾದರೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ ಎಂಬ ಯೋಚನೆಯೇ ಎಷ್ಟೋ ಗೈಡ್‌ಗಳನ್ನು ನಿಲ್ಲಿಸುತ್ತದೆ.

ನಮ್ಮ ಪೇಪರ್ ಆರೂ ತೋಟದೊಂದಿಗೆ ಹೋಯಿತು. ಗೈಡ್ ಮೊದಲು ಯೋಚಿಸಿದ್ದ ಪತ್ರಿಕೆ ಅದನ್ನು ತೆಗೆದುಕೊಳ್ಳಲಿಲ್ಲ, ಒಂದು ವರ್ಷ ತಡವಾಗಿ ಇನ್ನೊಂದರಲ್ಲಿ ಬಂತು. ಕೆಲವು ತಿಂಗಳು ಅವರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮುಂದಿನ ಮೇ ತಿಂಗಳ ಕೊನೆಗೆ ಐದನೇ ತೋಟದ ಭಟ್ಟರು ಫೋನ್ ಮಾಡಿದರು. ‘ಏನು ಮಾರಾಯ, ಆ ಹೊಸ ಔಷಧಿ ಈ ಸಲ ಪೂರ್ತಿ ತೋಟಕ್ಕೇ ಹೊಡೆಸಲಾ? ಕೊನೆಗಾರ ನಾಳೆ ಬರ್ತಾನೆ, ಹೇಳು.’ ಪೇಪರಿನ ಟೇಬಲ್ ನೆನಪಿಸಿಕೊಂಡು, ‘ಬೇಡ ಭಟ್ಟರೇ, ನಿಮ್ಮದು ಹಳ್ಳದ ಬದಿ. ಬೋರ್ಡೋನೇ ಹೊಡೆಸಿ’ ಎಂದೆ.